ಮಂಡಿ, ಸೊಂಟ ಎರಡೂ ನೋಯುವವರ ಮನೆಗೆಲಸ: ಅಡುಗೆ, ಬಟ್ಟೆ, ಭಾರಕ್ಕೆ ದಿನದ ಸರದಿ

ಸೊಂಟ ನೋವೆಂದು ಹೋದರೆ "ಬೆನ್ನು ಬಗ್ಗಿಸಬೇಡಿ, ಮಂಡಿ ಮಡಚಿ ಕೂತು ಎತ್ತಿ" ಎನ್ನುತ್ತಾರೆ. ಮಂಡಿ ನೋವೆಂದು ಹೋದರೆ "ಕುಕ್ಕರುಗಾಲಲ್ಲಿ ಕೂರಲೇಬೇಡಿ" ಎನ್ನುತ್ತಾರೆ. ಎರಡೂ ನೋಯುವವರು ನೆಲದ ಮೇಲಿರುವ ಬಕೆಟ್ಟನ್ನು ಎತ್ತುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗದೇ ಜನ ಮತ್ತೆ ಮತ್ತೆ ಸೋಲುತ್ತಾರೆ. ವಾರಗಟ್ಟಲೆ ವ್ಯಾಯಾಮ ಮಾಡುತ್ತಾರೆ, ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಮನೆಗೆ ಹೋಗಿ ಅದೇ ಬಕೆಟ್ಟನ್ನು ಅದೇ ನೆಲದಿಂದ ಎತ್ತುತ್ತಾರೆ.

ನಾನು ತುಮಕೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಮೂರನೇ ಸಲ ಅದೇ ನೋವು ಹೊತ್ತು ಬಂದವರ ಮನೆಗೆ ಹೋಗಿ ಅಡುಗೆಮನೆ, ಬಟ್ಟೆ ಒಗೆಯುವ ಜಾಗ ನೋಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಅಲ್ಲಿ ಕಲಿತದ್ದು ಇಷ್ಟು: ಎತ್ತುವ ಭಂಗಿ ತಿದ್ದುವುದಕ್ಕಿಂತ ಮೊದಲು ಸಾಮಾನು ನೆಲ ಬಿಟ್ಟು ಮೇಲೆ ಬರಬೇಕು. ತೊಡೆಯ ನಡುವಿನಿಂದ ಎದೆಯವರೆಗಿನ ಎತ್ತರದಲ್ಲಿ ಕೆಲಸ ನಡೆದರೆ ಮಂಡಿಯೂ ಮಡಚಬೇಕಿಲ್ಲ, ಸೊಂಟವೂ ಬಗ್ಗಬೇಕಿಲ್ಲ. ಆಮೇಲೆ ಕೆಲಸಗಳ ಸರದಿ ಬದಲಾಗಬೇಕು. ಕೆಳಗೆ ಹೇಳುವುದೆಲ್ಲ ಈ ಎರಡರ ವಿವರ. ನೀವು ಮಾಡುವ ಮೊದಲು ಕೊನೆಯ ಭಾಗದಲ್ಲಿರುವ ಅಪಾಯದ ಗುರುತುಗಳನ್ನು ಒಮ್ಮೆ ಓದಿಬಿಡಿ.

## 1. ಒಂದು ಬೆಳಗ್ಗೆ ಎಣಿಸಿ

ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಪೆನ್ನು ಕಟ್ಟಿ. ಏಳುವ ಹೊತ್ತಿನಿಂದ ಮಧ್ಯಾಹ್ನದವರೆಗೆ ಮಂಡಿಗಿಂತ ಕೆಳಗೆ ಕೈ ಹೋದಾಗೆಲ್ಲ ಒಂದು ಗೆರೆ ಎಳೆಯಿರಿ. ಯಾವ ಕೆಲಸಕ್ಕೆ ಎಂಬುದನ್ನು ಪಕ್ಕದಲ್ಲಿ ಒಂದು ಅಕ್ಷರದಲ್ಲಿ ಬರೆದರೆ ಸಾಕು. ಈ ಒಂದು ದಿನ ಏನನ್ನೂ ಬದಲಿಸಬೇಡಿ.

ನಮ್ಮಲ್ಲಿಗೆ ಬರುವ ಐವತ್ತನಾಲ್ಕು ವರ್ಷದ ಅಕ್ಕ ಒಬ್ಬರದ್ದು ಹೇಳುತ್ತೇನೆ. ಐದು ಅಡಿ ಎತ್ತರ, ಬಲ ಮಂಡಿ ಹೆಚ್ಚು ಸವೆದಿದೆ, ಸೊಂಟ ನೋವು ನಾಲ್ಕು ವರ್ಷದ್ದು. ಮನೆಯಲ್ಲಿ ನಾಲ್ಕು ಜನ. ಅವರ ಹಾಳೆಯಲ್ಲಿ ಮಧ್ಯಾಹ್ನಕ್ಕೆ 61 ಗೆರೆ. ಅದರಲ್ಲಿ ಬಟ್ಟೆಯದ್ದೇ 28: ದಿನಕ್ಕೆ 14 ಬಟ್ಟೆ, ಪ್ರತಿ ಬಟ್ಟೆಯನ್ನು ಸೋಪಿನ ಬಕೆಟ್ಟಿನಿಂದ ಎತ್ತಲು ಒಂದು ಸಲ, ಜಾಲಿಸುವ ಬಕೆಟ್ಟಿಗೆ ಹಾಕಿ ತೆಗೆಯಲು ಇನ್ನೊಂದು ಸಲ. ಅಡುಗೆಮನೆಯ ಕೆಳಗಿನ ಡಬ್ಬ, ಸಿಲಿಂಡರ್ ರೆಗ್ಯುಲೇಟರ್, ತರಕಾರಿ ಬುಟ್ಟಿಗೆ 14. ನೀರಿಗೆ 9. ಗುಡಿಸಿ ಒರೆಸಿ ರಂಗೋಲಿ ಹಾಕಲು 10.

"ಒರೆಸೋದರಿಂದಲೇ ಸೊಂಟ ಹೋಗಿರೋದು ಮೇಡಂ" ಎಂದು ಅವರು ಎರಡು ವರ್ಷದಿಂದ ಹೇಳುತ್ತಿದ್ದರು. ಹಾಳೆ ಬೇರೆಯೇ ಹೇಳಿತು. ನಿಮ್ಮ ಹಾಳೆಯಲ್ಲಿ ಯಾವುದು ಹೆಚ್ಚಿದೆಯೋ ಅಲ್ಲಿಂದ ಶುರು ಮಾಡಿ. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೊರಟವರು ಎರಡನೇ ವಾರಕ್ಕೆ ಎಲ್ಲವನ್ನೂ ಬಿಟ್ಟಿರುತ್ತಾರೆ.

## 2. ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

ದೊಡ್ಡ ಖರ್ಚಿಲ್ಲ. ಸುಮಾರು 18 ಇಂಚು ಎತ್ತರದ ಗಟ್ಟಿ ಸ್ಟೂಲು ಎರಡು ಬೇಕು. ಎರಡೂ ಬಟ್ಟೆ ಒಗೆಯುವಲ್ಲಿ ಬಕೆಟ್ ಇಡಲು, ಅಡುಗೆಮನೆಗೆ 22 ಇಂಚಿನದೊಂದು ಬೇರೆ. ನಾಲ್ಕು ಇಂಚಿನ ಮರದ ತುಂಡು ಅಥವಾ ಬಟ್ಟೆ ಸುತ್ತಿದ ಇಟ್ಟಿಗೆ ಒಂದು, ಕಾಲಿಡಲು. ಮಣೆ ಇದೆಯಲ್ಲ ಎನ್ನಬಹುದು. ಊಟದ ಮಣೆಯ ಮೇಲೆ ಕಾಲಿಡಲು ಮನೆಯ ಹಿರಿಯರು ಒಪ್ಪುವುದಿಲ್ಲ, ಇಟ್ಟಿಗೆಯೇ ಕ್ಷೇಮ. ಹತ್ತು ಲೀಟರಿನ ಸಣ್ಣ ಬಕೆಟ್ ಎರಡು, ನಲ್ಲಿಗೆ ಸಿಗಿಸುವ ಪೈಪು, ಉದ್ದ ಹಿಡಿಯ ಪೊರಕೆ, ಉದ್ದ ಹಿಡಿಯ ಒರೆಸುವ ಕೋಲು. ಕಸ ಎತ್ತುವ ಮೊರಕ್ಕೂ ಉದ್ದ ಹಿಡಿ ಇರಲಿ. ಪೊರಕೆ ಉದ್ದದ್ದು ತಂದು ಮೊರ ಗಿಡ್ಡದ್ದೇ ಉಳಿದರೆ ಬಗ್ಗುವುದು ತಪ್ಪುವುದಿಲ್ಲ.

ಮನೆಯೊಳಗೆ ಹಾಕಲು ಮೆತ್ತನೆ ತಳದ, ಜಾರದ ಚಪ್ಪಲಿ ತನ್ನಿ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಎರಡು ಗಂಟೆ ನಿಂತರೆ ಮಂಡಿ ಸಂಜೆ ದೂರು ಹೇಳುತ್ತದೆ.

ಈಗ ಟೇಪು ಹಿಡಿಯಿರಿ. ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈಗೆ ಎಷ್ಟು ಇಂಚು ಎಂದು ಯಾರಿಂದಾದರೂ ಅಳೆಸಿ. ನಾನು ಹೇಳಿದ ಅಕ್ಕನದ್ದು 38 ಇಂಚು. ಹೆಚ್ಚುವುದು, ಕಲಸುವುದು, ಪಾತ್ರೆ ತೊಳೆಯುವಂಥ ಕೆಲಸ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ನಡೆಯಬೇಕು, ಅಂದರೆ ಅವರಿಗೆ 32ರಿಂದ 34 ಇಂಚು. ಬಲ ಹಾಕಿ ತಿರುವುವ, ನಾದುವ ಕೆಲಸ ಇನ್ನೂ ಕೆಳಗೆ, ಎಂಟು ಇಂಚಿನಷ್ಟು ಕೆಳಗಿದ್ದರೆ ಒಳ್ಳೆಯದು. ಈ ಅಂಕಿಗಳನ್ನು ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

## 3. ಎದ್ದ ಮೊದಲ ಗಂಟೆ

ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಗ್ಗೆ ನಮ್ಮ ಎತ್ತರ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಿರುವುದು ಇದಕ್ಕೇ. ಉಬ್ಬಿದ ಮೆತ್ತೆ ಬಿಗಿಯಾಗಿರುತ್ತದೆ, ಆಗ ಪೂರ್ತಿ ಬಗ್ಗಿದರೆ ಅದರ ಮೇಲೆ ಬೀಳುವ ಒತ್ತಡ ಮಧ್ಯಾಹ್ನಕ್ಕಿಂತ ಬಹಳ ಹೆಚ್ಚು. ಎದ್ದು ಓಡಾಡುತ್ತಿದ್ದಂತೆ ಹೆಚ್ಚಿನ ನೀರು ಹಿಂಡಿ ಹೋಗಿ ಗಂಟೆಯೊಳಗೆ ಬಿಗಿ ಸಡಿಲವಾಗುತ್ತದೆ.

ನಮ್ಮ ಮನೆಗಳಲ್ಲಿ ಆ ಗಂಟೆಯಲ್ಲಿ ಏನು ನಡೆಯುತ್ತದೆ ನೋಡಿ. ಬಾಗಿಲಿಗೆ ನೀರು ಹಾಕಿ ಗುಡಿಸುವುದು, ರಂಗೋಲಿ, ನಲ್ಲಿ ನೀರು ಬಂದಿದ್ದರೆ ಕೊಡ ತುಂಬುವುದು, ನೆನೆಸಿಟ್ಟ ಬಟ್ಟೆ. ದಿನದ ಬಗ್ಗುವ ಕೆಲಸವೆಲ್ಲ ಸೊಂಟ ತಡೆಯಲಾರದ ಹೊತ್ತಿಗೇ ಬಿದ್ದಿರುತ್ತದೆ.

ಏಳುವಾಗ ನೇರ ಎದ್ದು ಕೂರಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಕೆಳಗಿಳಿಸಿ, ಕೈ ಊರಿ ಮೇಲೇಳಿ. ಹಾಗೇ ಮಂಚದ ಮೇಲೆ ಕಾಲು ಚಾಚಿ ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಟವೆಲ್ಲನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಿ. ಒಂದೊಂದು ಕಾಲಿಗೆ ಹತ್ತು ಸಲ. ತೊಡೆಯ ಮುಂಭಾಗ ಬಿಗಿಯಾಗುವುದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಒತ್ತುವುದು ಸಾಲದು.

ಆಮೇಲೆ ನಿಂತು ಮಾಡುವ ಕೆಲಸ ಮಾತ್ರ: ಹಾಲು ಕಾಯಿಸುವುದು, ಕಾಫಿ, ತಿಂಡಿಯ ಒಗ್ಗರಣೆ. ಬಾಗಿಲ ಮುಂದೆ ಉದ್ದ ಪೊರಕೆಯಿಂದ ಗುಡಿಸಬಹುದು. ರಂಗೋಲಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಅದು ನನಗೂ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ, ಹೊಸ್ತಿಲ ಮೆಟ್ಟಿಲ ಮೇಲೆ ಕೂತು ಎದುರಿಗೆ ಸಣ್ಣದಾಗಿ ಹಾಕಿ. ಮಂಗಳವಾರ ಶುಕ್ರವಾರದ ದೊಡ್ಡ ರಂಗೋಲಿ ಮಗಳ ಪಾಲಿಗೆ.

## 4. ಅಡುಗೆ: ನಿಲ್ಲುವುದನ್ನು ತುಂಡು ಮಾಡಿ

ಹಿಂದಿನ ರಾತ್ರಿಯೇ ಶುರುವಾಗಬೇಕು. ನಾಳೆಯ ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ, ಬೇಕಾದ ಪಾತ್ರೆಗಳನ್ನು ಅಡುಗೆ ಕಟ್ಟೆಯ ಮೇಲೆ ಎತ್ತಿಡಿ. ದಿನವೂ ಬಳಸುವ ಯಾವುದೂ ಕಟ್ಟೆಯ ಕೆಳಗಿರಬಾರದು. ಕೆಳಗೆ ಹಬ್ಬಕ್ಕೊಮ್ಮೆ ತೆಗೆಯುವ ಹಂಡೆ, ಕಡುಬಿನ ಪಾತ್ರೆ ಹೋಗಲಿ. ಮೊದಲು ಹೇಳಿದ ಅಕ್ಕ ಇದೊಂದನ್ನು ಮಾಡಿದಾಗಲೇ ಅಡುಗೆಮನೆಯ 14 ಗೆರೆ ನಾಲ್ಕಕ್ಕೆ ಇಳಿಯಿತು.

ಸ್ಟವ್ ಮುಂದೆ ನಿಂತಾಗ ಒಂದು ಕಾಲನ್ನು ಇಟ್ಟಿಗೆಯ ಮೇಲಿಡಿ, ಎರಡು ಮೂರು ನಿಮಿಷಕ್ಕೆ ಕಾಲು ಬದಲಿಸಿ. ಸಿಂಕಿನ ಕೆಳಗೆ ಬಾಗಿಲಿದ್ದರೆ ಅದನ್ನು ತೆರೆದು ಒಳಗೇ ಕಾಲಿಟ್ಟುಕೊಳ್ಳಬಹುದು. ಆಗ ಕಟ್ಟೆಗೆ ಹತ್ತಿರ ನಿಲ್ಲುತ್ತೀರಿ, ಮುಂದಕ್ಕೆ ಬಾಗುವುದು ತಪ್ಪುತ್ತದೆ. ಒಂದೇ ಸಮ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಕುಕ್ಕರ್ ಇಟ್ಟು ಕೂತು ತರಕಾರಿ ಹೆಚ್ಚಿ, ಮೂರನೇ ವಿಷಲ್ಲಿಗೆ ಎದ್ದು ಒಗ್ಗರಣೆ ಹಾಕಿ, ಮತ್ತೆ ಕೂತು ಕಾಯಿ ತುರಿಯಿರಿ. ಕೂರುವುದು ಕುರ್ಚಿಯ ಮೇಲೆ, ಊಟದ ಮೇಜಿನ ಮುಂದೆ. ಬಹಳ ಜನ ಕೂತು ಮಾಡುವ ಕೆಲಸವನ್ನೆಲ್ಲ ಒಟ್ಟಿಗೆ ಮೊದಲು ಮುಗಿಸಿ ಆಮೇಲೆ ಒಂದೂವರೆ ಗಂಟೆ ನಿಲ್ಲುತ್ತಾರೆ. ಹಾಗೆ ಮಾಡಿದರೆ ಕುರ್ಚಿ ತಂದಿದ್ದೂ ದಂಡ.

ಈಳಿಗೆಮಣೆ ಬಿಡುವುದು ಕಷ್ಟ. ಮೂವತ್ತು ವರ್ಷದ ಕೈಗೆ ಚಾಕು ಮೊದಮೊದಲು ನಿಧಾನ ಎನಿಸುತ್ತದೆ, ಎರಡು ವಾರ ತಡೆಯಿರಿ. ಈಳಿಗೆಮಣೆಯ ಕೆಲಸಕ್ಕಿಂತ ಅದರಿಂದ ಏಳುವುದು ಮಂಡಿಗೆ ಹೆಚ್ಚು ಭಾರ. ಯಾವತ್ತಾದರೂ ನೆಲದ ಮೇಲೆ ಕೂರಲೇಬೇಕಾದರೆ ಎದುರಿಗೆ ಒಂದು ಭದ್ರವಾದ ಕುರ್ಚಿ ಇಟ್ಟುಕೊಂಡು ಕೂರಿ. ಏಳುವಾಗ ಪಕ್ಕಕ್ಕೆ ತಿರುಗಿ ಅಂಬೆಗಾಲಿಗೆ ಬಂದು, ಎರಡೂ ಕೈ ಕುರ್ಚಿಯ ಮೇಲಿಟ್ಟು, ನೋವು ಕಡಿಮೆಯಿರುವ ಕಾಲಿನ ಪಾದ ಮುಂದಿಟ್ಟು ಏಳಿ.

ಇನ್ನು ಮುದ್ದೆ. ನಮ್ಮ ಕಡೆ ಸೊಂಟ ಹಿಡಿಯುವುದರಲ್ಲಿ ಇದರ ಪಾಲು ದೊಡ್ಡದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಟ್ಟೆ 33 ಇಂಚು, ಸ್ಟವ್ ಐದು ಇಂಚು, ಪಾತ್ರೆ ಎಂಟು ಇಂಚು, ಒಟ್ಟು 46. ಮೊಣಕೈ ಇರುವುದು 38ರಲ್ಲಿ. ಅಂದರೆ ಸ್ಟವ್ ಮೇಲೆಯೇ ಕೋಲು ತಿರುವಿದರೆ ಹೆಗಲು ಎತ್ತಿ, ತುದಿಗಾಲಲ್ಲಿ ನಿಂತು, ಸೊಂಟ ತಿರುಚಿ ಬಲ ಹಾಕಬೇಕು. ಅದಕ್ಕೇ ಎಲ್ಲರೂ ಪಾತ್ರೆಯನ್ನು ನೆಲಕ್ಕಿಳಿಸಿ, ಪಾದಗಳ ನಡುವೆ ಒತ್ತಿಕೊಂಡು ತಿರುವುತ್ತಾರೆ. ಆಗ ಸೊಂಟ ಪೂರ್ತಿ ಬಗ್ಗುತ್ತದೆ, ಮಂಡಿಯೂ ಪೂರ್ತಿ ಮಡಚುತ್ತದೆ.

ನಡುವಿನ ದಾರಿ ಹೀಗಿದೆ. ಇಪ್ಪತ್ತೆರಡು ಇಂಚಿನ ಕಬ್ಬಿಣದ ಅಥವಾ ಮರದ ಸ್ಟೂಲನ್ನು ಅಡುಗೆಮನೆಯ ಮೂಲೆಗೆ, ಎರಡು ಗೋಡೆಗೆ ತಾಗುವಂತೆ ಇಡಿ. ಪ್ಲಾಸ್ಟಿಕ್ ಬೇಡ, ಬಿಸಿಗೆ ಕರಗುತ್ತದೆ, ಜಾರುತ್ತದೆ ಕೂಡ. ಮೇಲೆ ಒದ್ದೆ ಗೋಣಿಬಟ್ಟೆ ಮಡಚಿ ಹಾಕಿ. ಹಿಟ್ಟು ಬೆಂದ ಮೇಲೆ ಸ್ಟವ್ ಆರಿಸಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಮೈಗೆ ಹತ್ತಿರ ಹಿಡಿದು ಸ್ಟೂಲಿಗಿಳಿಸಿ. ಈಗ ಪಾತ್ರೆಯ ಬಾಯಿ 30 ಇಂಚಿನಲ್ಲಿದೆ, ಮೊಣಕೈಗಿಂತ ಎಂಟು ಇಂಚು ಕೆಳಗೆ. ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ತಿರುವಿ. ಮೈಯ ಭಾರ ಮುಂದೆ ಹಿಂದೆ ಆಡಬೇಕು, ಸೊಂಟ ತಿರುಚಬಾರದು. ಎಂಟು ಮುದ್ದೆಗೆ ಒಂದೇ ಪಾತ್ರೆ ಇಡುವ ಬದಲು ನಾಲ್ಕು ನಾಲ್ಕರಂತೆ ಎರಡು ಸಲ ಮಾಡಿದರೆ ಎತ್ತುವ ಭಾರವೂ ತಿರುವುವ ಬಲವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಉತ್ತರ ಕರ್ನಾಟಕದ ಕಡೆ ಜೋಳದ ರೊಟ್ಟಿ ಬಡಿಯುವವರಿಗೂ ಇದೇ ಲೆಕ್ಕ: ಬಡಿಯುವ ಕೊಣಮಿಗೆಯನ್ನು ನೆಲದಿಂದ 30 ಇಂಚಿನ ಮೇಜಿಗೆ ತನ್ನಿ.

ದೋಸೆ ಹಿಟ್ಟಿನ ಗ್ರೈಂಡರನ್ನು ಕಟ್ಟೆಯ ಮೇಲೆ ಕಾಯಂ ಇಡಿ. ಅದರಲ್ಲಿ ಹಿಟ್ಟಿಗಿಂತ ಕಲ್ಲಿನ ತೂಕವೇ ಹೆಚ್ಚು. ಹಿಟ್ಟು ತುಂಬಿದ ಡ್ರಮ್ಮನ್ನು ಎತ್ತಿ ಬಗ್ಗಿಸುವ ಬದಲು ಮೊದಲು ಸೌಟಿನಿಂದ ಹಿಟ್ಟು ತೋಡಿ, ಕಲ್ಲು ಬೇರೆ ತೆಗೆದು, ಕೊನೆಗೆ ಖಾಲಿ ಡ್ರಮ್ ಎತ್ತಿ. ತುಂಬಿದ ಕುಕ್ಕರನ್ನು ಕಟ್ಟೆಯ ಮೇಲೆ ದಪ್ಪ ಬಟ್ಟೆ ಹಾಕಿ ಜಾರಿಸಿಕೊಂಡೇ ಸಾಗಿಸಬಹುದು, ಎತ್ತಬೇಕಿಲ್ಲ.

## 5. ಬಟ್ಟೆ: ಕಲ್ಲು ಸರಿಯಿದೆ, ಬಕೆಟ್ ತಪ್ಪು ಜಾಗದಲ್ಲಿದೆ

ಹೆಚ್ಚಿನ ಮನೆಗಳಲ್ಲಿ ಒಗೆಯುವ ಕಲ್ಲು ಸೊಂಟದೆತ್ತರಕ್ಕೇ ಇರುತ್ತದೆ. ಕಲ್ಲಿನಿಂದ ನೋವು ಬರುವುದಕ್ಕಿಂತ ಹೆಚ್ಚಾಗಿ ನೆಲದ ಮೇಲಿರುವ ಎರಡು ಬಕೆಟ್ಟಿನಿಂದ ಬರುತ್ತದೆ.

ಮೊದಲು ಹೊತ್ತು ಬದಲಿಸಿ. ಎದ್ದ ಕೂಡಲೇ ಬೇಡ, ತಿಂಡಿ ಮುಗಿಸಿ ಅರ್ಧ ಗಂಟೆ ಕೂತ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ ಶುರು ಮಾಡಿ. ಬಟ್ಟೆ ನೆನೆಸುವುದೂ ಎಂಟೂವರೆಗೆ ಸಾಕು. ರಾತ್ರಿಯೇ ನೆನೆಸಿಟ್ಟರೆ ಬೆಳಗ್ಗೆ ಅದು ನಿಮ್ಮನ್ನು ಕರೆಯುತ್ತಲೇ ಇರುತ್ತದೆ.

ಖಾಲಿ ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು, ಅಲ್ಲಿಯೇ ಪೈಪಿನಿಂದ ನೀರು ತುಂಬಿ. ನೀರು ತುಂಬಿದ ಬಕೆಟ್ಟನ್ನು ಸ್ಟೂಲಿಗೆ ಎತ್ತಿದರೆ ಈ ಏರ್ಪಾಡಿನ ಅರ್ಥವೇ ಹೋಯಿತು. ಮುಗಿದ ಮೇಲೆ ನೀರನ್ನು ಅಲ್ಲೇ ಓರೆ ಮಾಡಿ ಚೆಲ್ಲಿ. ಬಲಗೈ ಬಳಸುವವರಾದರೆ ಸೋಪಿನ ಬಕೆಟ್ ಎಡಕ್ಕೆ, ಜಾಲಿಸುವ ಬಕೆಟ್ ಬಲಕ್ಕೆ, ಕಲ್ಲು ನಡುವೆ. ಎಡದಿಂದ ಬಲಕ್ಕೆ ಹೋಗುವಾಗ ಪಾದ ಎತ್ತಿಟ್ಟು ತಿರುಗಿ. ನಿಂತಲ್ಲೇ ಸೊಂಟ ತಿರುಚಿ ಒದ್ದೆ ಬಟ್ಟೆ ಎಸೆಯುವುದು ಸೊಂಟಕ್ಕೆ ಬಲು ಕೆಟ್ಟದ್ದು, ಏಕೆಂದರೆ ಬಗ್ಗುವುದು, ತಿರುಚುವುದು, ಭಾರ ಮೂರೂ ಅದರಲ್ಲಿ ಸೇರುತ್ತವೆ.

ಹಿಂಡಬೇಡಿ, ಸೋರಲು ಬಿಡಿ. ಜಾಲಿಸಿದ ಬಟ್ಟೆಯನ್ನು ಕಲ್ಲಿನ ಅಂಚಿನ ಮೇಲೋ ಒಂದು ಅಡ್ಡ ಕೋಲಿನ ಮೇಲೋ ಇಪ್ಪತ್ತು ನಿಮಿಷ ಹಾಕಿ ನೀವು ಹೋಗಿ ಕೂರಿ. ಹತ್ತಿ ಬಟ್ಟೆ ನೆನೆದಾಗ ಒಣ ತೂಕದ ಎರಡು ಮೂರು ಪಟ್ಟಾಗುತ್ತದೆ. ಒಂದು ಕಿಲೋದ ದೊಡ್ಡ ಬೆಡ್‌ಶೀಟು ಕೈಗೆ ಬರುವಾಗ ಮೂರು ಕಿಲೋ ಆಗಿರುತ್ತದೆ. ಸೋರಿದ ಮೇಲೆ ಎತ್ತಿದರೆ ನಿಮ್ಮ ಕೈಗೆ ಅಷ್ಟು ನೀರಿನ ಭಾರ ಬರುವುದಿಲ್ಲ.

ಬೆಡ್‌ಶೀಟು, ಪಂಚೆ, ಜೀನ್ಸು ಇವನ್ನು ವಾರಕ್ಕೆ ಹಂಚಿ. ದಿನಕ್ಕೊಂದು ಭಾರದ ಬಟ್ಟೆ, ಅದಕ್ಕಿಂತ ಹೆಚ್ಚು ಬೇಡ. ಭಾನುವಾರ ಎಲ್ಲ ಹೊದಿಕೆ ಒಟ್ಟಿಗೆ ಒಗೆಯುವ ಪದ್ಧತಿ ಸೋಮವಾರ ನಮ್ಮ ಕ್ಲಿನಿಕ್ಕಿನಲ್ಲಿ ಕಾಣುತ್ತದೆ.

ಒಣಹಾಕುವ ತಂತಿ ನಿಮ್ಮ ಹಣೆಯ ಎತ್ತರಕ್ಕೆ ಬರಲಿ. ತಲೆಗಿಂತ ಮೇಲಿದ್ದರೆ ಪ್ರತಿ ಸಲ ಸೊಂಟ ಹಿಂದಕ್ಕೆ ಬಾಗುತ್ತದೆ. ಬಟ್ಟೆಯ ಬುಟ್ಟಿಯನ್ನು ಪಕ್ಕದಲ್ಲಿ ಕುರ್ಚಿಯ ಮೇಲಿಡಿ. ಮಹಡಿ ಮೇಲೆ ಒಣಹಾಕುವ ಮನೆಗಳಲ್ಲಿ ತೊಂದರೆ ಹೆಚ್ಚು. ಎರಡು ಸಲ ಹತ್ತಿಳಿದರೆ ಮಂಡಿಗೆ ಕೇಡು, ಒಂದೇ ಸಲ ತುಂಬ ಹೊತ್ತರೆ ಸೊಂಟಕ್ಕೆ ಕೇಡು. ಕೆಳಗೇ ಮಡಚುವ ಸ್ಟ್ಯಾಂಡ್ ಇಟ್ಟುಕೊಳ್ಳಿ, ದೊಡ್ಡ ಬಟ್ಟೆಯನ್ನು ಕಾಲೇಜಿಗೆ ಹೋಗುವ ಮಗ ಹೊರಡುವ ಮುಂಚೆಯೋ ಬಂದ ಮೇಲೆಯೋ ಹೊತ್ತೊಯ್ಯಲಿ. ನೀವೇ ಹತ್ತಬೇಕಾದರೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಒಂದು ಕೈ ಯಾವಾಗಲೂ ಕಂಬಿಯ ಮೇಲೆ.

ವಾಷಿಂಗ್ ಮಷಿನ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೀವೇ ಎತ್ತಿ ಹಾಕಬೇಕು. ಮೇಲೆ ಬಾಗಿಲಿರುವ ಪೂರ್ತಿ ಆಟೊಮ್ಯಾಟಿಕ್‌ನಲ್ಲಿ ತಳದ ಬಟ್ಟೆಗೆ ಹೊಟ್ಟೆ ಒತ್ತಿ ಬಗ್ಗಬೇಕು. ಐದು ಅಡಿಯವರಿಗೆ ಅದು ಕಷ್ಟ, ಒಂದು ಕೊಕ್ಕೆ ಕೋಲು ಪಕ್ಕದಲ್ಲಿರಲಿ. ಮುಂದೆ ಬಾಗಿಲಿರುವುದಾದರೆ ಎದುರಿಗೆ ಸ್ಟೂಲು ಹಾಕಿ ಕೂತು ತೆಗೆಯಬಹುದು, ಎರಡೂ ನೋವಿರುವವರಿಗೆ ಇದು ಅನುಕೂಲ. ಅದನ್ನು ಎತ್ತರಿಸಲು ಇಟ್ಟಿಗೆ ಜೋಡಿಸಬೇಡಿ, ತಿರುಗುವಾಗ ಅದುರಿ ಜಾರುತ್ತದೆ. ಅದಕ್ಕೆಂದೇ ಸಿಗುವ ಸ್ಟ್ಯಾಂಡ್ ಹಾಕಿಸಿ.

## 6. ಭಾರ: ಎತ್ತುವ ಮೊದಲು ಮೂರು ಪ್ರಶ್ನೆ

ಇದನ್ನು ಜಾರಿಸಬಹುದೇ? ಒಡೆದು ಸಣ್ಣದು ಮಾಡಬಹುದೇ? ಬೇರೆಯವರು ಎತ್ತಬಹುದೇ? ಮೂರಕ್ಕೂ ಇಲ್ಲ ಎಂದಾದರೆ ಮಾತ್ರ ಎತ್ತಿ.

ಎರಡೂ ನೋವಿರುವವರಿಗೆ ನಾನು ಹೇಳುವ ಮಿತಿ ಒಂದು ಸಲಕ್ಕೆ ಐದು ಕಿಲೋ, ಅಂದರೆ ಹತ್ತು ಲೀಟರ್ ಬಕೆಟ್ಟಿನಲ್ಲಿ ಅರ್ಧ ನೀರು. ಒಂದು ಲೀಟರ್ ನೀರು ಒಂದು ಕಿಲೋ ಎಂಬುದು ಎಲ್ಲರಿಗೂ ಗೊತ್ತು, ಆದರೂ ಇಪ್ಪತ್ತು ಲೀಟರ್ ಕ್ಯಾನನ್ನು ಯಾರೂ ಇಪ್ಪತ್ತು ಕಿಲೋ ಎಂದು ನೋಡುವುದಿಲ್ಲ. ಅಷ್ಟೇ ಅಕ್ಕಿಯ ಮೂಟೆ ಕಂಡರೆ ಗಂಡನನ್ನು ಕರೆಯುತ್ತಾರೆ, ಕ್ಯಾನನ್ನು ತಾವೇ ಬಗ್ಗಿಸಿ ಸುರಿಯುತ್ತಾರೆ. ಕ್ಯಾನಿನ ಬಾಯಿಗೆ ಹಾಕುವ ಪಂಪು ತಂದರೆ ಅದನ್ನು ಅಲುಗಿಸುವ ಕೆಲಸವೇ ಇರುವುದಿಲ್ಲ.

ಎರಡು ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರುಗಳಲ್ಲಿ ಆತುರದಲ್ಲಿ ಕೊಡ ಹೊರುವುದೇ ಹೆಚ್ಚು. ನಲ್ಲಿಯಿಂದ ಪೈಪು ಎಳೆದು ಅಡುಗೆಮನೆಯ ಡ್ರಮ್ಮಿಗೆ ನೇರ ಬಿಡಿ. ಡ್ರಮ್ಮನ್ನು ಸಿಮೆಂಟ್ ಇಟ್ಟಿಗೆಯ ಕಟ್ಟೆಯ ಮೇಲಿಟ್ಟು ಕೆಳಗೆ ನಲ್ಲಿ ಹಾಕಿಸಿದರೆ ಬಗ್ಗಿ ತೋಡುವುದು ನಿಲ್ಲುತ್ತದೆ.

ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು, ಅದಕ್ಕಿಂತ ತುಸು ಹೆಚ್ಚು ತೂಕದ ಕಬ್ಬಿಣವೂ ಸೇರಿ ಸುಮಾರು ಮೂವತ್ತು ಕಿಲೋ ಆಗುತ್ತದೆ. ತಂದವರಿಂದಲೇ ಅಡುಗೆಮನೆಯ ಜಾಗಕ್ಕೆ ಇಡಿಸಿ, ಗಾಲಿಯ ಸ್ಟ್ಯಾಂಡಿನ ಮೇಲೆ ಕೂರಿಸಿ. ಅಕ್ಕಿ ಮೂಟೆ ಬಂದ ದಿನವೇ ಮನೆಯವರು ಐದು ಕಿಲೋ ಡಬ್ಬಗಳಿಗೆ ಹಂಚಿ ಕಟ್ಟೆಯ ಮೇಲಿಡಲಿ. "ಆಮೇಲೆ ಹಾಕೋಣ" ಎಂದ ಮೂಟೆ ನೆಲದ ಮೇಲೇ ಉಳಿಯುತ್ತದೆ, ತಿಂಗಳಿಡೀ ದಿನಕ್ಕೆರಡು ಸಲ ಬಗ್ಗಿ ಪಾವು ಹಾಕಬೇಕಾಗುತ್ತದೆ. ಸಂತೆಯಿಂದ ಬರುವಾಗ ಒಂದೇ ದೊಡ್ಡ ಚೀಲ ಬೇಡ, ಎರಡೂ ಕೈಗೆ ಸಮನಾಗಿ ಹಂಚಿ.

ನೆಲಕ್ಕೆ ಬಿದ್ದ ಸೌಟು, ಬಟ್ಟೆಯಂಥ ಹಗುರ ಸಾಮಾನಿಗೆ ಒಂದು ಉಪಾಯ. ಒಂದು ಕೈಯಲ್ಲಿ ಕಟ್ಟೆ ಹಿಡಿದು, ನೋವು ಹೆಚ್ಚಿರುವ ಕಾಲನ್ನು ಹಿಂದಕ್ಕೆ ಎತ್ತುತ್ತಾ, ಇನ್ನೊಂದು ಕಾಲಿನ ಮೇಲೆ ನಿಂತು ಸೊಂಟದ ಕೀಲಿನಿಂದ ಬಾಗಿ ಕೈ ಚಾಚಿ. ಬೆನ್ನು, ಹಿಂದಿನ ಕಾಲು ಒಂದೇ ಗೆರೆಯಲ್ಲಿರಬೇಕು. ತಲೆ ಸುತ್ತು ಇರುವವರು ಇದನ್ನು ಮಾಡಬೇಡಿ, ಚಿಮಟದಂತೆ ಹಿಡಿಯುವ ಉದ್ದ ಕೋಲು ಬಳಸಿ.

ಮೊಮ್ಮಗುವನ್ನು ನೆಲದಿಂದ ಎತ್ತಬೇಡಿ ಎಂದರೆ ಯಾವ ಅಜ್ಜಿಯೂ ಕೇಳಿದ್ದಿಲ್ಲ. ನೀವು ಕುರ್ಚಿಯಲ್ಲಿ ಕೂತು ಕರೆಯಿರಿ, ಮಗು ತಾನೇ ತೊಡೆ ಹತ್ತುತ್ತದೆ.

## 7. ಒಂದು ದಿನ, ಗಂಟೆ ಲೆಕ್ಕದಲ್ಲಿ

ಆ ಅಕ್ಕನಿಗೆ ನಾವು ಕೂತು ಬರೆದ ಸರದಿ ಇದು.

ಐದು ಮುಕ್ಕಾಲಿಗೆ ಹೊರಳಿ ಏಳುವುದು, ಟವೆಲ್ ಒತ್ತುವುದು. ಆರಕ್ಕೆ ಹಾಲು, ಕಾಫಿ, ಬಾಗಿಲು ಗುಡಿಸುವುದು. ಆರೂ ಮುಕ್ಕಾಲಿಗೆ ರಂಗೋಲಿ, ಪೂಜೆ, ದೇವರ ಮುಂದೆ ಕುರ್ಚಿ ಹಾಕಿಕೊಂಡೇ. ಏಳರಿಂದ ಎಂಟರವರೆಗೆ ತಿಂಡಿ, ಡಬ್ಬಿ, ನಡುವೆ ಎರಡು ಸಲ ಕೂರುವುದು. ಎಂಟೂವರೆಗೆ ಬಟ್ಟೆ ನೆನೆಸಿ, ತಿಂಡಿ ತಿಂದು, ಒಂಬತ್ತೂವರೆಯವರೆಗೆ ಕೂತು ಮಾಡುವ ಕೆಲಸ: ಮಧ್ಯಾಹ್ನದ ತರಕಾರಿ, ಬೆಳ್ಳುಳ್ಳಿ, ಸೊಪ್ಪು ಬಿಡಿಸುವುದು. ಒಂಬತ್ತೂವರೆಗೆ ಬಟ್ಟೆ. ಏಳು ಬಟ್ಟೆಗೊಮ್ಮೆ ಐದು ನಿಮಿಷ ಬಿಡುವು. ಹತ್ತೂ ಕಾಲಿಗೆ ಬಟ್ಟೆ ಸೋರಲು ಹಾಕಿ ಇಪ್ಪತ್ತು ನಿಮಿಷ ಮಂಚದ ಮೇಲೆ ಅಂಗಾತ, ಮಂಡಿಯಡಿ ದಿಂಬು. ಆಮೇಲೆ ಒಣಹಾಕುವುದು. ಹನ್ನೊಂದೂವರೆಗೆ ಅಡುಗೆ, ಕೊನೆಗೆ ಮುದ್ದೆ. ಒರೆಸುವುದು ಬೆಳಗ್ಗೆಯಿಂದ ಸಂಜೆ ನಾಲ್ಕೂವರೆಗೆ ಹೋಯಿತು, ದಿನಕ್ಕೊಂದು ಕೋಣೆ ಮಾತ್ರ. ರಾತ್ರಿ ಒಂಬತ್ತಕ್ಕೆ ನಾಳೆಯ ಸಾಮಾನು ಕಟ್ಟೆಗೆ.

ಅತ್ತೆಯವರಿಗೆ ಹೊತ್ತೇರಿದ ಮೇಲೆ ಬಟ್ಟೆ ಒಗೆಯುವುದು ಒಂದು ವಾರ ಸರಿ ಕಾಣಲಿಲ್ಲವಂತೆ. ಹಾಳೆ ತೋರಿಸಿದ ಮೇಲೆ ಸುಮ್ಮನಾದರು.

ಮೂರನೇ ವಾರಕ್ಕೆ 61 ಗೆರೆ 17 ಆಗಿತ್ತು, ಬೆಳಗಿನ ಬಿಗಿತವೂ ಇಳಿದಿತ್ತು. ಅಷ್ಟರಲ್ಲಿ ಯುಗಾದಿ ಬಂತು. ನೋವಿಲ್ಲವಲ್ಲ ಎಂದು ಒಂದೇ ದಿನ ಎಲ್ಲ ಕಿಟಕಿಯ ಪರದೆ ಒಗೆದು, ಅಟ್ಟದ ಪಾತ್ರೆ ಇಳಿಸಿ ತೊಳೆದರು. ಅವತ್ತು ಏನೂ ಆಗಲಿಲ್ಲ. ಮರುದಿನ ಮಂಚ ಬಿಟ್ಟು ಏಳಲಾಗದೇ ನಾಲ್ಕು ದಿನ ಮಲಗಿದರು, ಹಬ್ಬದ ಹೋಳಿಗೆ ಮಗಳೇ ಮಾಡಬೇಕಾಯಿತು. ಹಬ್ಬದ ಕೆಲಸವನ್ನು ಎರಡು ವಾರ ಮುಂಚಿನಿಂದ ದಿನಕ್ಕೊಂದು ಪರದೆಯಂತೆ ಹಂಚಿಕೊಳ್ಳದಿದ್ದರೆ ಎಲ್ಲರಿಗೂ ಆಗುವುದು ಇದೇ.

## 8. ಹೆಚ್ಚಾಯಿತೋ ಇಲ್ಲವೋ ತಿಳಿಯುವುದು ಹೇಗೆ, ಯಾವಾಗ ವೈದ್ಯರ ಬಳಿ ಹೋಗಬೇಕು

ಕೆಲಸ ಮಾಡುವಾಗ ಸ್ವಲ್ಪ ನೋವು ಬಂದು, ಕೂತರೆ ಅರ್ಧ ಗಂಟೆಯಲ್ಲಿ ಇಳಿದರೆ ಹೆದರಬೇಕಿಲ್ಲ. ಮರುದಿನ ಬೆಳಗ್ಗೆ ನೋವು ನಿನ್ನೆಯ ಬೆಳಗಿಗಿಂತ ಹೆಚ್ಚಿದ್ದರೆ ನಿನ್ನೆಯ ಕೆಲಸ ಮಿತಿ ಮೀರಿತ್ತು ಎಂದರ್ಥ. ಯಾವ ಕೆಲಸ ಹೊಸದಾಗಿ ಸೇರಿತ್ತು ನೋಡಿ, ಅದನ್ನು ಅರ್ಧಕ್ಕಿಳಿಸಿ. ಪೂರ್ತಿ ಮಲಗಿಬಿಡುವುದೂ ತಪ್ಪು, ನಾಲ್ಕೈದು ದಿನ ಮಲಗಿದರೆ ತೊಡೆಯ ಬಲ ಇಳಿದು ಮಂಡಿಗೆ ಇನ್ನೂ ಭಾರ.

ಬಿಗಿ ಹಿಡಿದ ಸೊಂಟಕ್ಕೆ ಹದಿನೈದು ನಿಮಿಷ ಬಿಸಿ ಶಾಖ ಒಳ್ಳೆಯದು. ಊದಿ ಬೆಚ್ಚಗಾದ ಮಂಡಿಗೆ ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ ಇಡಿ. ಸೊಂಟದ ಬೆಲ್ಟನ್ನು ಭಾರದ ಕೆಲಸದ ಒಂದು ಗಂಟೆ ಮಾತ್ರ ಕಟ್ಟಿಕೊಳ್ಳಿ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವುದು ಬೇಡವೇ ಬೇಡ. ಬಿಪಿ, ಕಿಡ್ನಿ, ಹೊಟ್ಟೆ ಹುಣ್ಣಿನ ತೊಂದರೆ ಇರುವವರಿಗೆ ಅದು ನೇರ ಅಪಾಯ. ಅಷ್ಟೇ ಅಲ್ಲದೆ ಮಾತ್ರೆ ನುಂಗಿದ ದಿನ ನೋವು ಮರೆತು ಎರಡರಷ್ಟು ಕೆಲಸ ಮಾಡಿರುತ್ತೀರಿ.

ಬೆಳಗ್ಗೆ ಎದ್ದಾಗ ಮಂಡಿಯ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ ಹೆಚ್ಚಾಗಿ ಸವೆತದ್ದು. ಅರ್ಧ ಗಂಟೆ ಮೀರಿಯೂ ಬಿಡದೆ, ಕೈಬೆರಳ ಗೆಣ್ಣುಗಳೂ ಊದಿದರೆ ಅದು ಬೇರೆ ಬಗೆಯ ವಾತವಿರಬಹುದು. ರಕ್ತ ಪರೀಕ್ಷೆ ಬೇಕಾಗುತ್ತದೆ, ಈ ಮಾರ್ಗದರ್ಶಿಯಿಂದ ಅದು ಸರಿಹೋಗುವುದಿಲ್ಲ. ಮಂಡಿ ನಡುವೆ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ, ನೋವು ರಾತ್ರಿ ಮಲಗಿದಾಗಲೂ ಎಬ್ಬಿಸುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಆ ವಾರವೇ ತೋರಿಸಿ. ಬಿದ್ದ ಮೇಲೆ ಸೊಂಟ ನೋವು ಶುರುವಾಗಿದ್ದರೆ ಎಕ್ಸ್‌ರೇ ಮಾಡಿಸಿ, ಮುಟ್ಟು ನಿಂತ ಹೆಂಗಸರ ಮೂಳೆ ಸಣ್ಣ ಪೆಟ್ಟಿಗೂ ಬಿರುಕು ಬಿಡಬಹುದು. ಮಂಡಿ ಕೆಂಪಾಗಿ ಬಿಸಿಯಾಗಿ ಜೊತೆಗೆ ಜ್ವರ ಬಂದರೆ ಅದೇ ದಿನ ಹೋಗಿ.

ಸೊಂಟ ನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮತ್ತು ತೊಡೆಯ ಒಳಭಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಕಾಲಿನಿಂದ ಜಾರುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಬೆನ್ನುಮೂಳೆಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ. ನಾಚಿಕೆಯಿಂದ ಮೂತ್ರದ ಮಾತನ್ನು ಮುಚ್ಚಿಟ್ಟು ಬರೀ ಸೊಂಟ ನೋವು ಎಂದವರನ್ನು ನೋಡಿದ್ದೇನೆ. ಆಸ್ಪತ್ರೆಯಲ್ಲಿ ಮೊದಲು ಆ ಮಾತನ್ನೇ ಹೇಳಿ, ಸೊಂಟದ್ದು ಆಮೇಲೆ.